ಸ್ತ್ರೀರೋಗ ಚಿಕಿತ್ಸೆಯಲ್ಲಿ ಹಿಸ್ಟರೊಸ್ಕೋಪಿ ಮತ್ತು ಲ್ಯಾಪರೊಸ್ಕೋಪಿ

ಗರ್ಭಕಂಠದ ದಾರಿಯಾಗಿ ತೆಳುವಾದ ದರ್ಶಕನಳಿಕೆಯನ್ನು ತೂರಿಸಿ ಗರ್ಭಕೋಶದ ಒಳಭಾಗವನ್ನು ನೋಡುವ ವಿಧಾನವನ್ನು ಹಿಸ್ಟರೊಸ್ಕೋಪಿ ಎನ್ನುತ್ತಾರೆ. ಹೊಕ್ಕುಳಿನ ಬಳಿ ಮಾಡಿದ ಸಣ್ಣ ರಂಧ್ರದ ಮೂಲಕ ಅಂಥದೇ ನಳಿಕೆಯನ್ನು ಇಳಿಸಿ ಗರ್ಭಕೋಶದ ಹೊರಮೈ, ಅಂಡನಾಳಗಳು, ಅಂಡಾಶಯಗಳು ಮತ್ತು ಕಿಬ್ಬೊಟ್ಟೆಯನ್ನು ಒಳಗಿನಿಂದ ಹೊದ್ದಿರುವ ಉದರಪೊರೆಯನ್ನು ನೋಡುವ ವಿಧಾನ ಲ್ಯಾಪರೊಸ್ಕೋಪಿ. ಎರಡರಲ್ಲಿಯೂ ನೋಡುವುದರ ಜೊತೆಗೆ ಕತ್ತರಿಸುವ, ಸುಡುವ ಕೆಲಸಗಳನ್ನೂ ಮಾಡಬಹುದಾದ್ದರಿಂದ ಇವುಗಳಿಗೆ ರೋಗನಿದಾನದ ರೂಪವೂ ಶಸ್ತ್ರಚಿಕಿತ್ಸೆಯ ರೂಪವೂ ಇವೆ.

ಈ ಎರಡು ವಿಧಾನಗಳನ್ನು ಒಟ್ಟಿಗೆ ಅರ್ಥಮಾಡಿಕೊಳ್ಳಲು ಒಂದು ಸಂಗತಿಯನ್ನು ಗಮನದಲ್ಲಿಡಬೇಕು. ಗರ್ಭಕೋಶದ ಕುಹರವಾಗಲಿ ಉದರಕುಹರವಾಗಲಿ ಸಹಜಸ್ಥಿತಿಯಲ್ಲಿ ಖಾಲಿ ಕೋಣೆಯಂತೆ ತೆರೆದಿರುವುದಿಲ್ಲ. ಗರ್ಭಕೋಶದ ಮುಂದಿನ ಗೋಡೆ ಹಿಂದಿನ ಗೋಡೆಗೆ ಅಂಟಿಕೊಂಡಂತಿರುತ್ತದೆ, ಹೊಟ್ಟೆಯ ಗೋಡೆ ಕರುಳಿನ ಮೇಲೆಯೇ ಒರಗಿರುತ್ತದೆ. ಆದ್ದರಿಂದ ನೋಡಬೇಕಾದರೆ ಮೊದಲು ಒಳಹೊಗಬೇಕು, ಒಳಹೊಕ್ಕ ಮೇಲೆ ಜಾಗವನ್ನು ಉಬ್ಬಿಸಬೇಕು. ಗರ್ಭಕೋಶವನ್ನು ದ್ರವದಿಂದಲೂ ಹೊಟ್ಟೆಯನ್ನು ಇಂಗಾಲದ ಡೈಆಕ್ಸೈಡ್ ಅನಿಲದಿಂದಲೂ ಉಬ್ಬಿಸುವುದು ಈಗಿನ ರೂಢಿ. ಈ ಶಸ್ತ್ರಕ್ರಿಯೆಗಳಿಗೇ ವಿಶಿಷ್ಟವಾದ ತೊಡಕುಗಳಲ್ಲಿ ಹೆಚ್ಚಿನವು ಒಳಹೊಗುವ ಕ್ಷಣದಿಂದ ಅಥವಾ ಉಬ್ಬಿಸುವ ಕ್ರಿಯೆಯಿಂದ ಹುಟ್ಟುತ್ತವೆ. ಅರಿವಳಿಕೆಯ ಆಯ್ಕೆಯೂ ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ.

ಹಿಸ್ಟರೊಸ್ಕೋಪಿ ಎರಡರಲ್ಲಿ ಹಳೆಯದು. 1869ರಲ್ಲಿ ಪಾಂಟಲಿಯೋನಿ ಎಂಬ ವೈದ್ಯ ಮುಟ್ಟು ನಿಂತ ಮೇಲೆ ರಕ್ತಸ್ರಾವ ಕಾಣಿಸಿಕೊಂಡಿದ್ದ ಮಹಿಳೆಯೊಬ್ಬರ ಗರ್ಭಕೋಶದೊಳಗೆ ಇಣುಕಿ, ಅಲ್ಲಿದ್ದ ಪಾಲಿಪ್ ಎಂಬ ಮೃದುವಾದ ಬೆಳವಣಿಗೆಯನ್ನು ಸಿಲ್ವರ್ ನೈಟ್ರೇಟಿನಿಂದ ಸುಟ್ಟದ್ದು ಮೊದಲ ದಾಖಲೆ. ಮನುಷ್ಯರಲ್ಲಿ ಲ್ಯಾಪರೊಸ್ಕೋಪಿಯನ್ನು 1910ರಲ್ಲಿ ಸ್ಟಾಕ್‌ಹೋಮಿನ ಯಾಕೋಬೇಯುಸ್ ವರದಿ ಮಾಡಿದರು. 1940ರ ದಶಕದಲ್ಲಿ ಪ್ಯಾರಿಸ್ಸಿನ ರೌಲ್ ಪಾಮರ್ ಅದನ್ನು ಸ್ತ್ರೀರೋಗಗಳಿಗೆ ಬಳಸಿ ಬೆಳೆಸಿದರು. ಹೊಟ್ಟೆಗೆ ಅನಿಲ ತುಂಬಲು ಇಂದಿಗೂ ಬಳಕೆಯಲ್ಲಿರುವ ಸೂಜಿಯನ್ನು ಹಂಗೇರಿಯ ವೆರೆಸ್ ರೂಪಿಸಿದ್ದು ಕ್ಷಯರೋಗಿಗಳ ಎದೆಗೂಡಿಗೆ ಗಾಳಿ ತುಂಬುವ ಆಗಿನ ಚಿಕಿತ್ಸೆಗಾಗಿ.

ಹಿಸ್ಟರೊಸ್ಕೋಪಿಯನ್ನು ಮುಖ್ಯವಾಗಿ ಅಸಹಜ ರಕ್ತಸ್ರಾವದ ಕಾರಣ ತಿಳಿಯಲು, ಪಾಲಿಪ್ ಮತ್ತು ಕುಹರದೊಳಕ್ಕೆ ಚಾಚಿದ ಫೈಬ್ರಾಯ್ಡ್ ಗೆಡ್ಡೆಗಳನ್ನು ತೆಗೆಯಲು, ಒಳಗೋಡೆಗಳ ಅಂಟಿಕೆಗಳನ್ನು ಬಿಡಿಸಲು, ದಾರ ಕಾಣದ ಕಾಪರ್-ಟಿಯನ್ನು ಹೊರತೆಗೆಯಲು ಬಳಸುತ್ತಾರೆ. ಲ್ಯಾಪರೊಸ್ಕೋಪಿಯ ಬಳಕೆ ಇನ್ನೂ ವಿಸ್ತಾರವಾದುದು: ನಾಳಗರ್ಭ, ತಿರುಚಿಕೊಂಡ ಅಂಡಾಶಯ, ಅಂಡಾಶಯದ ನೀರುಗಂಟು, ಎಂಡೊಮೆಟ್ರಿಯೋಸಿಸ್, ಸಂತಾನಹರಣ ಶಸ್ತ್ರಚಿಕಿತ್ಸೆ, ಗರ್ಭಕೋಶವನ್ನೇ ತೆಗೆಯುವುದು ಇವೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಗರ್ಭ ನಿಂತಿರುವ ಸಂಭವವಿದ್ದಾಗ ಮತ್ತು ಕಿಬ್ಬೊಟ್ಟೆಯ ಸೋಂಕು ಉಲ್ಬಣವಾಗಿರುವಾಗ ಹಿಸ್ಟರೊಸ್ಕೋಪಿ ಮಾಡಬಾರದು. ರಕ್ತಸ್ರಾವದಿಂದ ಕುಸಿಯುತ್ತಿರುವ ರೋಗಿಯಲ್ಲಿ ಅಥವಾ ಅನಿಲದ ಒತ್ತಡವನ್ನು ತಾಳಲಾರದ ಹೃದಯ, ಶ್ವಾಸಕೋಶಗಳಿರುವಲ್ಲಿ ಲ್ಯಾಪರೊಸ್ಕೋಪಿಯ ಬದಲು ಹೊಟ್ಟೆಯನ್ನು ತೆರೆಯುವುದೇ ಮೇಲಾಗಬಹುದು.

ಎರಡನ್ನೂ ಒಂದೇ ಬಾರಿಗೆ ಮಾಡುವ ಸಂದರ್ಭಗಳಲ್ಲಿ ಸಂತಾನಹೀನತೆಯ ತನಿಖೆ ಮುಖ್ಯವಾದುದು, ಮತ್ತು ಇವುಗಳ ಗುಣ, ಮಿತಿ, ಅಪಾಯಗಳೆಲ್ಲ ಒಟ್ಟಾಗಿ ಕಾಣುವುದೂ ಅಲ್ಲಿಯೇ. ಒಂದು ಮಾದರಿ ಪ್ರಕರಣವನ್ನು ಕಲ್ಪಿಸಿಕೊಳ್ಳಬಹುದು. 29 ವರ್ಷದ ಮಹಿಳೆಗೆ ಹಿಂದೆ ಎರಡು ಬಾರಿ ಗರ್ಭಪಾತವಾಗಿದೆ, ಆನಂತರದ ಎರಡು ವರ್ಷಗಳಲ್ಲಿ ಗರ್ಭ ನಿಂತಿಲ್ಲ. ಗರ್ಭಕೋಶಕ್ಕೆ ಬಣ್ಣ ತುಂಬಿ ತೆಗೆದ ಎಕ್ಸ್-ರೇಯಲ್ಲಿ ಕುಹರ ಎರಡು ಕವಲಾಗಿ ಕಾಣುತ್ತದೆ, ಎಡಗಡೆಯ ಅಂಡನಾಳ ತುಂಬಿಲ್ಲ. ಈ ಚಿತ್ರದಿಂದ ಎರಡು ಪ್ರಶ್ನೆಗಳು ಏಳುತ್ತವೆ. ಎಡನಾಳ ನಿಜವಾಗಿ ಮುಚ್ಚಿದೆಯೇ, ಅಥವಾ ಪರೀಕ್ಷೆಯ ನೋವಿಗೆ ಸಂಕೋಚಗೊಂಡು ಮುಚ್ಚಿದಂತೆ ತೋರಿತೇ? ಕವಲಾದ ಕುಹರವು ಗರ್ಭಕೋಶದ ನಡುವೆ ಇಳಿದಿರುವ ಪರದೆಯಿಂದಾದುದೇ, ಅಥವಾ ಗರ್ಭಕೋಶವೇ ಎರಡು ಕೊಂಬುಗಳಾಗಿ ಸೀಳಿಕೊಂಡಿದೆಯೇ? ಪರದೆಯಾದರೆ ಒಳಗಿನಿಂದ ಕತ್ತರಿಸಬಹುದು. ಎರಡು ಕೊಂಬಿನ ಗರ್ಭಕೋಶದಲ್ಲಿ ಹಾಗೆ ಕತ್ತರಿಸಹೊರಟರೆ ಗೋಡೆಯನ್ನೇ ತೂತು ಮಾಡಿ ಹೊಟ್ಟೆಯೊಳಕ್ಕೆ ಹೋದಂತಾಗುತ್ತದೆ. ಹಿಸ್ಟರೊಸ್ಕೋಪಿಗೆ ಇವೆರಡೂ ಒಳಗಿನಿಂದ ಒಂದೇ ರೀತಿ ಕಾಣುವುದರಿಂದ ನಿರ್ಣಯಕ್ಕೆ ಗರ್ಭಕೋಶದ ಮೇಲ್ಮೈ ಕಾಣಬೇಕು: ನೆತ್ತಿ ಸಮತಟ್ಟಾಗಿದ್ದರೆ ಪರದೆ, ನಡುವೆ ತಗ್ಗಿದ್ದರೆ ಎರಡು ಕೊಂಬು. ಮೂರು ಆಯಾಮದ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ದೊರೆಯುವಲ್ಲಿ ಈ ಒಂದು ಪ್ರಶ್ನೆಗಾಗಿ ಹೊಟ್ಟೆಗೆ ರಂಧ್ರ ಮಾಡುವ ಅಗತ್ಯ ಈಗ ಉಳಿದಿಲ್ಲ. ಆದರೆ ನಾಳದ ಸ್ಥಿತಿ, ಅಂಟಿಕೆಗಳು, ಎಂಡೊಮೆಟ್ರಿಯೋಸಿಸ್ಸಿನ ಸಣ್ಣ ಚುಕ್ಕೆಗಳು, ಭಾರತದಲ್ಲಿ ಮರೆಯಲಾಗದ ಜನನಾಂಗಗಳ ಕ್ಷಯ, ಇವುಗಳನ್ನು ಕಣ್ಣಾರೆ ನೋಡಲು ಲ್ಯಾಪರೊಸ್ಕೋಪಿಯೇ ಬೇಕು.

ಇಂಥ ಶಸ್ತ್ರಕ್ರಿಯೆಗೆ ಮುಟ್ಟು ನಿಂತ ಕೂಡಲೇ ಬರುವ ದಿನಗಳನ್ನು, ಸಾಮಾನ್ಯವಾಗಿ ಋತುಚಕ್ರದ 6ರಿಂದ 10ನೆಯ ದಿನದೊಳಗೆ, ಗೊತ್ತುಮಾಡುತ್ತಾರೆ. ಆಗ ಗರ್ಭಕೋಶದ ಒಳಪೊರೆ ತೆಳುವಾಗಿರುವುದರಿಂದ ನೋಟ ಸ್ಪಷ್ಟವಾಗಿರುತ್ತದೆ, ಗೊತ್ತಿಲ್ಲದೆ ಗರ್ಭ ನಿಂತಿರುವ ಸಾಧ್ಯತೆಯೂ ಕಡಿಮೆ. ಆದರೂ ಆ ದಿನ ಬೆಳಿಗ್ಗೆ ಮೂತ್ರದ ಗರ್ಭಪರೀಕ್ಷೆ ಮಾಡುವುದು ಒಳ್ಳೆಯ ಪದ್ಧತಿ. ಹಿಂದಿನ ದಿನಗಳ ಸ್ರಾವವನ್ನು ಮುಟ್ಟು ಎಂದು ತಪ್ಪು ತಿಳಿದಿರುವುದುಂಟು.

ಅರಿವಳಿಕೆಯ ವಿಷಯದಲ್ಲಿ ಎರಡು ವಿಧಾನಗಳ ನಡುವೆ ದೊಡ್ಡ ಅಂತರವಿದೆ. ಬರಿಯ ನೋಡುವ ಹಿಸ್ಟರೊಸ್ಕೋಪಿಯನ್ನು, ಸುಮಾರು 3 ಮಿಲಿಮೀಟರ್ ದಪ್ಪದ ದರ್ಶಕವಿದ್ದರೆ, ಹೊರರೋಗಿ ವಿಭಾಗದಲ್ಲಿ ಅರಿವಳಿಕೆಯಿಲ್ಲದೆಯೇ ಮಾಡಬಹುದು. ಒಂದು ಗಂಟೆ ಮೊದಲು ನುಂಗಿಸಿದ ನೋವುಮಾತ್ರೆ ಆನಂತರದ ಸೆಳೆತವನ್ನು ತಗ್ಗಿಸುತ್ತದೆ. ಯೋನಿಯನ್ನು ಹಿಗ್ಗಿಸುವ ಉಪಕರಣವನ್ನೂ ಗರ್ಭಕಂಠವನ್ನು ಹಿಡಿಯುವ ಚಿಮುಟವನ್ನೂ ಬಿಟ್ಟು, ದ್ರವದ ಹರಿವನ್ನೇ ಅನುಸರಿಸಿ ದರ್ಶಕವನ್ನು ನಡೆಸುವ ಯೋನಿದರ್ಶನ ಪದ್ಧತಿಯಲ್ಲಿ ನೋವು ಇನ್ನೂ ಕಡಿಮೆ. ಆದರೆ ನೋವೇ ಇರುವುದಿಲ್ಲವೆಂದು ಭರವಸೆ ಕೊಡುವುದು ಸರಿಯಲ್ಲ. ಕೆಲವರಿಗೆ ತೀವ್ರ ನೋವಾಗುತ್ತದೆ, ಗರ್ಭಕಂಠ ಹಿಗ್ಗಿದಾಗ ನಾಡಿ ನಿಧಾನವಾಗಿ ತಲೆಸುತ್ತು ಬರುವುದೂ ಉಂಟು. ಯಾವ ಹಂತದಲ್ಲಾದರೂ ನಿಲ್ಲಿಸುವಂತೆ ಹೇಳಬಹುದೆಂದೂ ಬೇಕೆಂದರೆ ಅರಿವಳಿಕೆಯಲ್ಲಿ ಮಾಡಿಸಿಕೊಳ್ಳಬಹುದೆಂದೂ ಮೊದಲೇ ತಿಳಿಸಬೇಕು. ದೊಡ್ಡ ಗೆಡ್ಡೆ ತೆಗೆಯುವಂಥ ದೀರ್ಘ ಕೆಲಸಕ್ಕೆ ಬೆನ್ನುಹುರಿಯ ಅರಿವಳಿಕೆ ಅಥವಾ ಪೂರ್ಣ ಅರಿವಳಿಕೆ ಬೇಕಾಗುತ್ತದೆ. ರೋಗಿ ಎಚ್ಚರವಾಗಿದ್ದರೆ ದ್ರವ ಹೆಚ್ಚು ಹೀರಿಕೆಯಾದಾಗ ಉಂಟಾಗುವ ಗೊಂದಲ, ವಾಕರಿಕೆಗಳು ಬೇಗ ತಿಳಿದುಬರುವುದು ಬೆನ್ನುಹುರಿಯ ಅರಿವಳಿಕೆಯ ಒಂದು ಲಾಭ.

ಲ್ಯಾಪರೊಸ್ಕೋಪಿಗೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಕೊಟ್ಟು, ಶ್ವಾಸನಾಳಕ್ಕೆ ಕೊಳವೆ ಇಳಿಸಿ, ಯಂತ್ರದಿಂದ ಉಸಿರಾಡಿಸುತ್ತಾರೆ. ಹೊಟ್ಟೆಗೆ ತುಂಬಿದ ಅನಿಲ ವಪೆಯನ್ನು ಮೇಲಕ್ಕೆ ತಳ್ಳಿ ಶ್ವಾಸಕೋಶಗಳ ಜಾಗವನ್ನು ಕಡಿಮೆ ಮಾಡುತ್ತದೆ. ಕರುಳು ಕಿಬ್ಬೊಟ್ಟೆಯಿಂದ ಸರಿಯಲೆಂದು ಮೇಜನ್ನು ತಲೆಯ ಕಡೆಗೆ ಓರೆಮಾಡಿದಾಗ ಆ ಒತ್ತಡ ಇನ್ನಷ್ಟು ಹೆಚ್ಚುತ್ತದೆ. ಜೊತೆಗೆ ಉದರಪೊರೆಯ ಮೂಲಕ ಇಂಗಾಲದ ಡೈಆಕ್ಸೈಡ್ ರಕ್ತಕ್ಕೆ ಸೇರುತ್ತಿರುತ್ತದೆ, ಅದನ್ನು ಹೊರಹಾಕಲು ಉಸಿರಾಟದ ಪ್ರಮಾಣವನ್ನು ಏರಿಸಬೇಕು. ಅರಿವಳಿಕೆ ತಜ್ಞರು ನಿಃಶ್ವಾಸದಲ್ಲಿರುವ ಈ ಅನಿಲದ ಅಳತೆಯನ್ನು ಪರದೆಯ ಮೇಲೆ ಸತತವಾಗಿ ನೋಡುತ್ತಿರುತ್ತಾರೆ. ಅದು ನಿಧಾನವಾಗಿ ಏರಿದರೆ ಹೀರಿಕೆಯ ಸೂಚನೆ. ಹಠಾತ್ತನೆ ಕುಸಿದು ರಕ್ತದೊತ್ತಡವೂ ಇಳಿದರೆ ಅನಿಲದ ಗುಳ್ಳೆ ರಕ್ತನಾಳವನ್ನು ಹೊಕ್ಕು ಹೃದಯವನ್ನು ತಡೆದಿರಬಹುದೆಂಬ ಅಪರೂಪದ, ಆದರೆ ಪ್ರಾಣಾಂತಿಕವಾದ ಸೂಚನೆ. ಆಗ ಅನಿಲವನ್ನು ತಕ್ಷಣ ಬಿಟ್ಟು, ರೋಗಿಯನ್ನು ಎಡಮಗ್ಗುಲಿಗೆ ತಿರುಗಿಸಿ ತಲೆಯನ್ನು ತಗ್ಗಿಸುತ್ತಾರೆ. ಅನಿಲ ತುಂಬುವ ಮೊದಲ ನಿಮಿಷಗಳಲ್ಲಿ ಉದರಪೊರೆ ಹಿಗ್ಗುವುದರಿಂದ ನಾಡಿ ಏಕಾಏಕಿ ನಿಧಾನವಾಗುವುದು ಇದಕ್ಕಿಂತ ಹೆಚ್ಚು ಬಾರಿ ಕಾಣುವಂಥದು. ಅನಿಲ ಬಿಟ್ಟು ಅಟ್ರೊಪೀನ್ ಕೊಟ್ಟರೆ ಅದು ಸಾಮಾನ್ಯವಾಗಿ ಸರಿಹೋಗುತ್ತದೆ. ಘನಾಹಾರ ಬಿಟ್ಟು 6 ಗಂಟೆ, ತಿಳಿನೀರು ಬಿಟ್ಟು 2 ಗಂಟೆ ಆಗಿರಬೇಕೆಂಬ ನಿಯಮ ಇಲ್ಲಿ ಕಟ್ಟುನಿಟ್ಟಾಗಿರುವುದಕ್ಕೆ ಕಾರಣ, ಒತ್ತಡಕ್ಕೆ ಸಿಕ್ಕ ಜಠರದಿಂದ ಆಹಾರ ಮೇಲೇರಿ ಶ್ವಾಸಕೋಶವನ್ನು ಸೇರುವ ಭಯ.

ಹೊಟ್ಟೆಯೊಳಕ್ಕೆ ಹೊಗುವ ಹಂತದಲ್ಲಿ ಶಸ್ತ್ರವೈದ್ಯರ ಕೈ ಕೆಲಕ್ಷಣ ಕಣ್ಣಿನ ನೆರವಿಲ್ಲದೆ ಕೆಲಸ ಮಾಡುತ್ತದೆ. ಮೂತ್ರಕೋಶವನ್ನು ಬರಿದುಮಾಡಿ, ಮೇಜನ್ನು ಸಮತಟ್ಟಾಗಿಯೇ ಇಟ್ಟು, ಹೊಕ್ಕುಳಿನ ತಳದಲ್ಲಿ ಚಿಕ್ಕ ಗೀರು ಹಾಕಿ ವೆರೆಸ್ ಸೂಜಿಯನ್ನು ಇಳಿಸುತ್ತಾರೆ. ಹೊಟ್ಟೆಯ ಗೋಡೆ ಅತ್ಯಂತ ತೆಳುವಾಗಿರುವುದು ಅಲ್ಲಿ. ಸೂಜಿಯೊಳಗಿನ ಮೊಂಡುತುದಿ ಸ್ಪ್ರಿಂಗಿನ ಬಲದಿಂದ ಮುಂದೆ ಚಿಮ್ಮುವ ಸದ್ದು ಎರಡು ಸಲ ಕೇಳಿಸಿದ ಮೇಲೆ ಅನಿಲ ಬಿಟ್ಟು ನೋಡುತ್ತಾರೆ. ಒತ್ತಡ 8 ಮಿ.ಮೀ. ಪಾದರಸಕ್ಕಿಂತ ಕಡಿಮೆಯಿದ್ದು ಅನಿಲ ಸರಾಗವಾಗಿ ಹರಿದರೆ ಸೂಜಿ ಸರಿಯಾದ ಸ್ಥಳದಲ್ಲಿದೆ ಎನ್ನಬಹುದು. ಒತ್ತಡ ಮೊದಲಿಗೇ ಏರಿದರೆ ಅದು ಗೋಡೆಯ ಪದರಗಳಲ್ಲೋ ಅಂಗವೊಂದರಲ್ಲೋ ಸಿಕ್ಕಿದೆಯೆಂದು ತಿಳಿದು ಹೊರತೆಗೆಯಬೇಕು. ಮುಂದಿನ ಹೆಜ್ಜೆಯಲ್ಲಿ ಟ್ರೋಕಾರ್ ಎಂಬ ಚೂಪಾದ ಕೊಳವೆಯನ್ನು ತೂರಿಸುವ ಹೊತ್ತಿಗೆ ಒತ್ತಡವನ್ನು 20ರಿಂದ 25ಕ್ಕೆ ಏರಿಸುತ್ತಾರೆ. ಹೊಟ್ಟೆಯ ಗೋಡೆ ಬಿಗಿಯಾಗಿ ಮೇಲೆದ್ದು, ಟ್ರೋಕಾರಿನ ತುದಿಗೂ ಕರುಳು ಮತ್ತು ಮಹಾಪಧಮನಿಗೂ ನಡುವೆ ಅಂತರ ಹೆಚ್ಚುವುದೇ ಇದರ ಉದ್ದೇಶ. ದರ್ಶಕ ಒಳಹೋದ ಮೇಲೆ ಒತ್ತಡವನ್ನು 12ರಿಂದ 15ಕ್ಕೆ ಇಳಿಸಿ, ಸುತ್ತಲೂ ತಿರುಗಿಸಿ ಗಾಯವಾಗಿಲ್ಲವೆಂದು ಖಚಿತಪಡಿಸಿಕೊಂಡು, ಆಮೇಲಷ್ಟೇ ಮೇಜನ್ನು ಓರೆಮಾಡುತ್ತಾರೆ. ತೀರ ತೆಳ್ಳಗಿನ ಮಹಿಳೆಯರಲ್ಲಿ ಮಹಾಪಧಮನಿ ಹೊಕ್ಕುಳಿನ ಚರ್ಮದಿಂದ 2.5 ಸೆಂಟಿಮೀಟರಿಗಿಂತಲೂ ಹತ್ತಿರದಲ್ಲಿರಬಹುದು. ಹಿಂದೆ ಹೊಟ್ಟೆಯ ನಡುಗೆರೆಯಲ್ಲಿ ಶಸ್ತ್ರಚಿಕಿತ್ಸೆಯಾಗಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೊಕ್ಕುಳಿನ ಸುತ್ತ ಕರುಳಿನ ಅಂಟಿಕೆ ಇರಬಹುದು. ಇಂಥವರಲ್ಲಿ ಎಡಪಕ್ಕೆಲುಬಿನ ಅಂಚಿನಿಂದ 3 ಸೆಂಟಿಮೀಟರ್ ಕೆಳಗಿರುವ, ಪಾಮರ್ ಹೆಸರಿನ ಬಿಂದುವಿನಿಂದ ಹೊಗುತ್ತಾರೆ, ಅಥವಾ ಪದರ ಪದರವಾಗಿ ಬಿಡಿಸಿ ಕಣ್ಣಿಗೆ ಕಾಣುವಂತೆ ತೆರೆಯುವ ಹ್ಯಾಸನ್ ವಿಧಾನವನ್ನು ಅನುಸರಿಸುತ್ತಾರೆ.

ಮಾದರಿ ಪ್ರಕರಣದಲ್ಲಿ ಗರ್ಭಕೋಶದ ನೆತ್ತಿ ಸಮತಟ್ಟಾಗಿ ಕಂಡಿತೆಂದುಕೊಳ್ಳೋಣ. ಹಾಗಾದರೆ ಒಳಗಿರುವುದು ಪರದೆ. ಸಹಾಯಕರು ಕೆಳಗಿನಿಂದ ಗರ್ಭಕಂಠದ ಮೂಲಕ ಮೆಥಿಲೀನ್ ನೀಲಿಯನ್ನು ಸಾವಕಾಶವಾಗಿ ತುಂಬಿದಾಗ ಬಲನಾಳದ ತುದಿಯಿಂದ ನೀಲಿ ಕೂಡಲೇ ಜಿನುಗುತ್ತದೆ, ಎಡನಾಳದಲ್ಲಿ ಮೊದಲು ತಡೆದು, ಒತ್ತಡ ಸ್ವಲ್ಪ ಹೆಚ್ಚಿದ ಮೇಲೆ ಹರಿಯುತ್ತದೆ. ಎಕ್ಸ್-ರೇಯಲ್ಲಿ ಕಂಡದ್ದು ಸಂಕೋಚವಷ್ಟೇ ಎಂದು ಇದರಿಂದ ತಿಳಿಯುತ್ತದೆ. ಆ ನಾಳ ಮಣಿಸರದಂತೆ ಗಂಟುಗಂಟಾಗಿದ್ದು ಸುತ್ತ ಬಿಳಿಯ ಸಣ್ಣ ಗುಳ್ಳೆಗಳಿದ್ದರೆ ಕ್ಷಯದ ಗುಮಾನಿ ಬರುತ್ತದೆ. ಆಗ ಗುಳ್ಳೆಯ ತುಣುಕನ್ನೂ ಗರ್ಭಕೋಶದ ಒಳಪೊರೆಯ ತುಣುಕನ್ನೂ ಪರೀಕ್ಷೆಗೆ ಕಳುಹಿಸಬೇಕು. ಒಂದು ಪಾಲನ್ನು ಫಾರ್ಮಲಿನ್‌ನಲ್ಲಿ ಹಾಕದೆ ಸಲೈನ್‌ನಲ್ಲಿಯೇ ಇಡಬೇಕು, ಏಕೆಂದರೆ ಫಾರ್ಮಲಿನ್ ಸೇರಿದ ತುಣುಕಿನಲ್ಲಿ ಕ್ಷಯದ ರೋಗಾಣುವನ್ನು ಬೆಳೆಸಿ ನೋಡಲಾಗುವುದಿಲ್ಲ. ಬಳಿಕ ಹಿಸ್ಟರೊಸ್ಕೋಪಿನಲ್ಲಿ ಪರದೆಯನ್ನು ಕೆಳತುದಿಯಿಂದ ಮೇಲಕ್ಕೆ ಪುಟ್ಟ ಕತ್ತರಿಯಿಂದ ಬಿಡಿಸುತ್ತ ಹೋಗಿ, ಎರಡೂ ನಾಳಗಳ ಬಾಯಿ ಒಂದೇ ಸಾಲಿನಲ್ಲಿ ಒಟ್ಟಿಗೆ ಕಂಡಾಗ, ಅಥವಾ ಕತ್ತರಿಸಿದ ಅಂಚಿನಲ್ಲಿ ಮಾಂಸಪದರದ ಸಣ್ಣ ರಕ್ತನಾಳಗಳು ಒಸರತೊಡಗಿದಾಗ ನಿಲ್ಲಿಸುತ್ತಾರೆ. ಮೇಲಿನಿಂದ ಲ್ಯಾಪರೊಸ್ಕೋಪಿನ ಬೆಳಕನ್ನು ತಗ್ಗಿಸಿ ನೋಡುವವರಿಗೆ ಒಳಗಿನ ದರ್ಶಕದ ಬೆಳಕು ಗರ್ಭಕೋಶದ ನೆತ್ತಿಯಲ್ಲಿ ಎಲ್ಲೆಡೆ ಸಮವಾಗಿ ಕಾಣಬೇಕು. ಒಂದೆಡೆ ಮಾತ್ರ ಪ್ರಖರವಾದರೆ ಅಲ್ಲಿ ಗೋಡೆ ತೆಳುವಾಗಿದೆಯೆಂದರ್ಥ.

ಪರದೆಯನ್ನು ಕತ್ತರಿಸುವುದರಿಂದ ಫಲವಿದೆಯೇ ಎಂಬುದನ್ನೂ ಈ ಮಹಿಳೆಗೆ ಮುಂಚೆಯೇ ಹೇಳಬೇಕಾಗುತ್ತದೆ. ಕತ್ತರಿಸಿದ ಮೇಲೆ ಗರ್ಭಪಾತ ಕಡಿಮೆಯಾದದ್ದನ್ನು ಹಳೆಯ ವರದಿಗಳು ಹೇಳುತ್ತವೆ. ಆದರೆ ಕತ್ತರಿಸಿದವರನ್ನೂ ಕಾದುನೋಡಿದವರನ್ನೂ ಯಾದೃಚ್ಛಿಕವಾಗಿ ವಿಂಗಡಿಸಿ ಹೋಲಿಸಿದ, 2021ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಜೀವಂತ ಜನನದ ಪ್ರಮಾಣ ಹೆಚ್ಚಿದ್ದು ಕಂಡುಬರಲಿಲ್ಲ. ಹೀಗಿರುವಾಗ ಪರದೆ ಕಂಡಿತೆಂಬ ಮಾತ್ರಕ್ಕೆ ಕತ್ತರಿಸಲೇಬೇಕೆಂದು ಒತ್ತಾಯಿಸುವುದು ನ್ಯಾಯವಲ್ಲ.

ಹಿಸ್ಟರೊಸ್ಕೋಪಿಯ ವಿಶಿಷ್ಟ ಅಪಾಯ ಉಬ್ಬಿಸುವ ದ್ರವದಿಂದ ಬರುತ್ತದೆ. ಗರ್ಭಕೋಶದ ಗೋಡೆಗಳನ್ನು ಬೇರ್ಪಡಿಸಲು ಬೇಕಾಗುವ ಒತ್ತಡ ಸುಮಾರು 70 ಮಿ.ಮೀ. ಪಾದರಸ, ದ್ರವದ ಚೀಲವನ್ನು ರೋಗಿಯಿಂದ ಒಂದು ಮೀಟರ್ ಎತ್ತರದಲ್ಲಿ ತೂಗುಹಾಕಿದರೆ ಹೆಚ್ಚುಕಡಿಮೆ ಇಷ್ಟು ಒತ್ತಡ ದೊರೆಯುತ್ತದೆ. ಕತ್ತರಿಸುವಾಗ ತೆರೆದುಕೊಂಡ ರಕ್ತನಾಳಗಳ ಮೂಲಕ ಇದೇ ಒತ್ತಡ ದ್ರವವನ್ನು ರಕ್ತಕ್ಕೆ ನೂಕುತ್ತದೆ. ಏಕಧ್ರುವೀಯ ವಿದ್ಯುತ್ತಿನ ಉಪಕರಣಕ್ಕೆ ಸಲೈನ್ ಒಗ್ಗದು, ಏಕೆಂದರೆ ಅದರಲ್ಲಿರುವ ಲವಣ ವಿದ್ಯುತ್ತನ್ನು ಚದುರಿಸಿಬಿಡುತ್ತದೆ. ಆದ್ದರಿಂದ ಅಲ್ಲಿ 1.5 ಶೇಕಡಾ ಗ್ಲೈಸೀನ್ ದ್ರವವನ್ನು ಬಳಸುತ್ತಾರೆ. ಅದರಲ್ಲಿ ಸೋಡಿಯಂ ಇಲ್ಲ, ಹಾಗಾಗಿ ಒಂದು ಲೀಟರಿನಷ್ಟು ರಕ್ತಕ್ಕೆ ಸೇರಿದರೂ ರಕ್ತದ ಸೋಡಿಯಂ ಮಟ್ಟ ಗಣನೀಯವಾಗಿ ಕುಸಿದು ಮಿದುಳು ಊದಿಕೊಳ್ಳಬಹುದು. ವಾಕರಿಕೆ, ತಲೆನೋವು, ಗೊಂದಲದಿಂದ ಮೊದಲಾಗಿ ಅಪಸ್ಮಾರದವರೆಗೂ ಅದು ಮುಂದುವರಿಯಬಹುದು, ಮುಟ್ಟು ನಿಲ್ಲದ ವಯಸ್ಸಿನ ಮಹಿಳೆಯರಲ್ಲಿ ಇದರ ಹಾನಿ ಇನ್ನೂ ತೀವ್ರ. ದ್ವಿಧ್ರುವೀಯ ಉಪಕರಣಗಳು ಸಲೈನಿನಲ್ಲಿಯೇ ಕೆಲಸ ಮಾಡುವುದರಿಂದ ಈ ಅಪಾಯ ತಗ್ಗಿದೆ. ಆದರೂ ಸಲೈನ್ ಮಿತಿಮೀರಿ ಸೇರಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಆರೋಗ್ಯವಂತ ಮಹಿಳೆಯಲ್ಲಿ ಒಳಹೋದ ದ್ರವಕ್ಕೂ ಹೊರಬಂದ ದ್ರವಕ್ಕೂ ಇರುವ ವ್ಯತ್ಯಾಸ ಗ್ಲೈಸೀನ್ ಆದರೆ 1000 ಮಿಲಿಲೀಟರ್, ಸಲೈನ್ ಆದರೆ 2500 ಮಿಲಿಲೀಟರ್ ಮುಟ್ಟಿದಾಗ ಕೆಲಸ ಅರ್ಧಕ್ಕೇ ಇದ್ದರೂ ನಿಲ್ಲಿಸಬೇಕೆಂಬುದು ಅಂಗೀಕೃತ ಮಿತಿ, ವಯಸ್ಸಾದವರಲ್ಲಿ ಮತ್ತು ಹೃದ್ರೋಗಿಗಳಲ್ಲಿ ಇದಕ್ಕಿಂತ ಕಡಿಮೆ. ಈ ಲೆಕ್ಕ ಮುಗಿದ ಮೇಲೆ ಕೂಡಿಸುವಂಥದಲ್ಲ. ಹೊದಿಕೆಯ ಜೋಳಿಗೆಯಲ್ಲಿ ಸಂಗ್ರಹವಾದ ದ್ರವವನ್ನು ಅಳೆದು ಕೆಲವು ನಿಮಿಷಗಳಿಗೊಮ್ಮೆ ಗಟ್ಟಿಯಾಗಿ ಹೇಳಲು ಒಬ್ಬರನ್ನೇ ನೇಮಿಸಿದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ದೊಡ್ಡ ಗೆಡ್ಡೆಯನ್ನು ತೆಗೆಯುವಾಗ ಮಿತಿ ಮುಟ್ಟುವ ಸಾಧ್ಯತೆಯಿರುವುದರಿಂದ ಉಳಿದ ಭಾಗಕ್ಕೆ ಎರಡನೆಯ ಬಾರಿ ಬರಬೇಕಾದೀತೆಂದು ರೋಗಿಗೆ ಮೊದಲೇ ತಿಳಿಸಿರಬೇಕು.

ಗರ್ಭಕೋಶದ ಗೋಡೆ ತೂತಾಗುವುದು ಬರಿಯ ನೋಟದ ಹಿಸ್ಟರೊಸ್ಕೋಪಿಯಲ್ಲಿ ಸಾವಿರಕ್ಕೆ ಒಂದರ ಆಸುಪಾಸು, ಶಸ್ತ್ರಕ್ರಿಯೆಯಲ್ಲಿ ನೂರಕ್ಕೆ ಒಂದರ ಆಸುಪಾಸು. ಉಬ್ಬಿದ್ದ ಕುಹರ ಹಠಾತ್ತನೆ ಕುಸಿಯುವುದು, ದ್ರವದ ಕೊರತೆ ಒಮ್ಮೆಲೇ ಏರುವುದು, ಪರದೆಯ ಮೇಲೆ ಕರುಳೇ ಕಾಣುವುದು ಇದರ ಗುರುತುಗಳು. ಮೊಂಡಾದ ಉಪಕರಣದಿಂದಾದ ತೂತು ಸಾಮಾನ್ಯವಾಗಿ ತಾನೇ ಮಾಯುತ್ತದೆ, ರೋಗಿಯನ್ನು ಕೆಲವು ಗಂಟೆ ನಿಗಾದಲ್ಲಿಟ್ಟರೆ ಸಾಕು. ವಿದ್ಯುತ್ ಹರಿಯುತ್ತಿದ್ದ ಉಪಕರಣದಿಂದಾಗಿದ್ದರೆ ಕರುಳು ಸುಟ್ಟಿಲ್ಲವೆಂದು ಹೊಟ್ಟೆಯೊಳಗೆ ನೋಡಿಯೇ ತೀರಬೇಕು.

ರೋಗನಿದಾನಕ್ಕಾಗಿ ಮಾಡುವ ಲ್ಯಾಪರೊಸ್ಕೋಪಿಯಲ್ಲಿ ಗಂಭೀರ ತೊಡಕುಗಳು ಸಾವಿರಕ್ಕೆ ಸುಮಾರು ಎರಡು ಎಂದು ಲಂಡನ್ನಿನ ರಾಯಲ್ ಕಾಲೇಜಿನ ಸ್ತ್ರೀರೋಗತಜ್ಞರ ಮಾರ್ಗದರ್ಶಿ ಹೇಳುತ್ತದೆ. ಕರುಳು, ಮೂತ್ರಕೋಶ ಅಥವಾ ದೊಡ್ಡ ರಕ್ತನಾಳಕ್ಕೆ ಆಗುವ ಗಾಯ ಇದರಲ್ಲಿ ಸೇರಿದ್ದು, ಅದನ್ನು ಸರಿಪಡಿಸಲು ಅದೇ ವೇಳೆಯಲ್ಲಿ ಹೊಟ್ಟೆಯನ್ನು ತೆರೆಯಬೇಕಾಗಬಹುದು. ಸಣ್ಣ ತೊಂದರೆಗಳು ಇದಕ್ಕಿಂತ ಬಹಳ ಸಾಮಾನ್ಯ. ರಂಧ್ರದ ಸುತ್ತ ಕಪ್ಪುಗಟ್ಟುವುದು, ವಾಂತಿ, ಒಂದೆರಡು ದಿನ ಭುಜನೋವು ಇವು ಹಲವರಲ್ಲಿ ಕಾಣುತ್ತವೆ. ಭುಜಕ್ಕೆ ಯಾರೂ ಕೈಹಚ್ಚದಿದ್ದರೂ ಅಲ್ಲಿ ನೋವೇಕೆಂದು ರೋಗಿಗಳು ಗಾಬರಿಗೊಳ್ಳುವುದುಂಟು. ಉಳಿದ ಅನಿಲ ವಪೆಯನ್ನು ಕೆರಳಿಸುತ್ತದೆ, ವಪೆಗೂ ಭುಜಕ್ಕೂ ಕುತ್ತಿಗೆಯ ಒಂದೇ ಮಟ್ಟದಿಂದ ನರಗಳು ಬರುವುದರಿಂದ ನೋವು ಅಲ್ಲಿ ತೋರುತ್ತದೆ.

ಒಪ್ಪಿಗೆಯ ವಿಷಯದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ ಜನವರಿ 2008ರಲ್ಲಿ ಕೊಟ್ಟ ತೀರ್ಪೊಂದು ಲ್ಯಾಪರೊಸ್ಕೋಪಿಗೇ ಸಂಬಂಧಿಸಿದ್ದು. ರಕ್ತಸ್ರಾವದ ಕಾರಣ ತಿಳಿಯಲು ಲ್ಯಾಪರೊಸ್ಕೋಪಿಗೂ, ಅಗತ್ಯಬಿದ್ದರೆ ಹೊಟ್ಟೆ ತೆರೆಯುವುದಕ್ಕೂ ಸಹಿ ಹಾಕಿದ್ದ 44 ವರ್ಷದ ಅವಿವಾಹಿತೆ ಅರಿವಳಿಕೆಯಲ್ಲಿರುವಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆಯಲಾಗಿತ್ತು. ಪ್ರಾಣಕ್ಕೆ ಆ ಕ್ಷಣದ ಅಪಾಯವಿಲ್ಲದಿದ್ದಾಗ ವಯಸ್ಕ ರೋಗಿಯ ಪರವಾಗಿ ತಾಯಿಯ ಒಪ್ಪಿಗೆ ಸಲ್ಲದು, ರೋಗನಿದಾನಕ್ಕೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಾಗದು ಎಂದು ನ್ಯಾಯಾಲಯ ಹೇಳಿತು. ಗಂಡನ ಅಥವಾ ಅತ್ತೆಯ ಸಹಿಯನ್ನೇ ಮುಖ್ಯವೆಂದು ಭಾವಿಸುವ ಆಸ್ಪತ್ರೆಗಳಿಗೆ ಈ ಮಾತು ಇಂದಿಗೂ ಅನ್ವಯಿಸುತ್ತದೆ. ಮಾದರಿ ಪ್ರಕರಣದ ಮಹಿಳೆಯ ಒಪ್ಪಿಗೆಪತ್ರದಲ್ಲಿ ನೋಡುವುದು, ಬಣ್ಣ ಹಾಯಿಸುವುದು, ಪರದೆ ಕಂಡರೆ ಕತ್ತರಿಸುವುದು, ತುಣುಕು ತೆಗೆಯುವುದು, ಗಾಯವಾದರೆ ಹೊಟ್ಟೆ ತೆರೆಯುವುದು ಇವೆಲ್ಲ ಬೇರೆಬೇರೆಯಾಗಿ ಬರೆದಿರಬೇಕು. ನಾಳವನ್ನಾಗಲಿ ಅಂಡಾಶಯವನ್ನಾಗಲಿ ತೆಗೆಯುವ ಪ್ರಶ್ನೆ ಅನಿರೀಕ್ಷಿತವಾಗಿ ಎದುರಾದರೆ, ತುರ್ತಿಲ್ಲದಿದ್ದಲ್ಲಿ, ಅವರಿಗೆ ಎಚ್ಚರವಾಗುವವರೆಗೂ ಕಾಯಬೇಕು.

ತಿಳಿಹೇಳುವಾಗ ಬಹಳ ಸಲ ಬಿಟ್ಟುಹೋಗುವ ಸಂಗತಿಯೆಂದರೆ ತಡವಾಗಿ ಹೊರಬೀಳುವ ಕರುಳಿನ ಗಾಯ. ಕರುಳಿಗಾದ ಗಾಯಗಳಲ್ಲಿ ಸುಮಾರು 15 ಶೇಕಡಾದಷ್ಟು ಶಸ್ತ್ರಕ್ರಿಯೆಯ ವೇಳೆ ಗೊತ್ತೇ ಆಗದಿರಬಹುದು. ಟ್ರೋಕಾರಿನಿಂದಾದ ತೂತು ಒಂದೆರಡು ದಿನಗಳಲ್ಲಿ ತೋರಿಕೊಂಡರೆ, ವಿದ್ಯುತ್ತಿನಿಂದ ಸುಟ್ಟ ಜಾಗ ಕೊಳೆತು ತೆರೆದುಕೊಳ್ಳಲು ಹಲವು ದಿನ ಹಿಡಿಯುತ್ತದೆ. ಅಷ್ಟರಲ್ಲಿ ರೋಗಿ ಮನೆಯಲ್ಲಿರುತ್ತಾರೆ. ಜ್ವರವೂ ಹೊಟ್ಟೆಯ ಬಿಗಿತವೂ ಮೊದಲಿಗೇ ಕಾಣದೆ, ಒಂದು ರಂಧ್ರದ ಬಳಿ ಮಾತ್ರ ಕಡಿಮೆಯಾಗದ ನೋವು, ಹೊಟ್ಟೆಯುಬ್ಬರ, ಕೆಲವೊಮ್ಮೆ ಭೇದಿ ಇಷ್ಟರಿಂದಲೇ ಅದು ಆರಂಭವಾಗಬಹುದು. ಲ್ಯಾಪರೊಸ್ಕೋಪಿಯಾದವರು ದಿನದಿಂದ ದಿನಕ್ಕೆ ಚೇತರಿಸಿಕೊಳ್ಳಬೇಕು. ಮೂರನೆಯ ದಿನ ಎರಡನೆಯ ದಿನಕ್ಕಿಂತ ಹೆಚ್ಚು ನೋವಿದ್ದರೆ, ಊಟ ಸೇರದಿದ್ದರೆ, ವಾಂತಿ ನಿಲ್ಲದಿದ್ದರೆ, ನಾಡಿ ಜೋರಾಗಿದ್ದರೆ ಬೇರೆ ಕಾರಣ ಸಿಗುವವರೆಗೂ ಕರುಳಿನ ಗಾಯವೆಂದೇ ಭಾವಿಸಿ ಸಿಟಿ ಸ್ಕ್ಯಾನ್ ಮಾಡಿಸಬೇಕು, ಸಂದೇಹ ಉಳಿದರೆ ಮತ್ತೆ ಹೊಟ್ಟೆಯೊಳಗೆ ನೋಡಬೇಕು. ಊರಿನ ವೈದ್ಯರ ಬಳಿ ಗ್ಯಾಸಿನ ನೋವೆಂದು ಮಾತ್ರೆ ತೆಗೆದುಕೊಂಡು ಎರಡು ದಿನ ಕಳೆದರೆ ಉದರಪೊರೆಗೆ ಸೋಂಕು ಹರಡಿ ಪ್ರಾಣಕ್ಕೇ ಕುತ್ತಾಗಬಹುದು. ಆದ್ದರಿಂದ ಬಿಡುಗಡೆಯ ಚೀಟಿಯಲ್ಲಿ ಈ ಲಕ್ಷಣಗಳನ್ನು ರೋಗಿ ಓದಬಲ್ಲ ಕನ್ನಡದಲ್ಲಿ, ರಾತ್ರಿಯೂ ಕರೆ ಸ್ವೀಕರಿಸುವ ದೂರವಾಣಿ ಸಂಖ್ಯೆಯೊಡನೆ ಬರೆದುಕೊಟ್ಟು, ಮನೆಯವರೊಬ್ಬರಿಗೂ ಓದಿ ಹೇಳಬೇಕು.